ಹಳೆಯ ತಾರೀಖು ಯಾವ ವಾರ? ಮನಸ್ಸಿನಲ್ಲೇ ಲೆಕ್ಕ ಹಾಕುವ ವಿಧಾನ

1969ರ ಜುಲೈ 20ರಂದು, ವಿಶ್ವ ಕಾಲಮಾನದ ಪ್ರಕಾರ, ಅಪೋಲೋ 11 ನೌಕೆ ಚಂದ್ರನ ಮೇಲೆ ಇಳಿಯಿತು. ಅಂದು ಯಾವ ವಾರ? ಕ್ಯಾಲೆಂಡರ್ ತೆರೆಯದೆ, ಪೆನ್ನು ಹಿಡಿಯದೆ ಇದನ್ನು ಹೇಳಬಹುದು. ಅದಕ್ಕೆ ಬೇಕಾಗಿರುವುದು 12ರ ಮಗ್ಗಿ, 7ರಿಂದ ಭಾಗಿಸಿ ಶೇಷ ತೆಗೆಯುವ ಅಭ್ಯಾಸ ಮತ್ತು ತಿಂಗಳಿಗೊಂದರಂತೆ ನೆನಪಿಟ್ಟುಕೊಂಡ ಹನ್ನೆರಡು ತಾರೀಖು.

ಇಂಥ ಲೆಕ್ಕಕ್ಕೆ ಹಲವು ವಿಧಾನಗಳಿವೆ. ಹೆಚ್ಚಿನವುಗಳಲ್ಲಿ ಪ್ರತಿ ತಿಂಗಳಿಗೂ ಒಂದು ಗುಟ್ಟಿನ ಅಂಕಿಯನ್ನು ಬಾಯಿಪಾಠ ಮಾಡಬೇಕು: ಜನವರಿಗೆ 0, ಫೆಬ್ರವರಿಗೆ 3, ಮಾರ್ಚಿಗೆ 3, ಏಪ್ರಿಲಿಗೆ 6, ಹೀಗೆ. ಆ ಅಂಕಿಗಳನ್ನು ನೋಡಿದರೆ ಯಾವ ಅರ್ಥವೂ ಹೊಳೆಯುವುದಿಲ್ಲ, ಹಾಗಾಗಿ ನಾಲ್ಕು ತಿಂಗಳು ಬಳಸದಿದ್ದರೆ ಮರೆತುಹೋಗುತ್ತವೆ. ಗಣಿತಜ್ಞ ಜಾನ್ ಕಾನ್ವೇ 1973ರಲ್ಲಿ ರೂಪಿಸಿದ ವಿಧಾನದಲ್ಲಿ ಆ ತೊಂದರೆ ಕಡಿಮೆ. ಅದಕ್ಕೆ ಡೂಮ್ಸ್‌ಡೇ ವಿಧಾನ ಎಂಬ ಹೆಸರಿದೆ. ಇಲ್ಲಿ ವಿವರಿಸುವುದು ಅದನ್ನೇ.

ಮೂಲ ವಿಚಾರ: ಒಂದೇ ವಾರಕ್ಕೆ ಬೀಳುವ ತಾರೀಖುಗಳು

ಯಾವುದಾದರೂ ಒಂದು ವರ್ಷದ ಕ್ಯಾಲೆಂಡರ್ ತೆಗೆದು ಏಪ್ರಿಲ್ 4, ಜೂನ್ 6, ಆಗಸ್ಟ್ 8, ಅಕ್ಟೋಬರ್ 10, ಡಿಸೆಂಬರ್ 12 ಯಾವ ವಾರ ಎಂದು ನೋಡಿ. ಐದೂ ಒಂದೇ ವಾರಕ್ಕೆ ಬಿದ್ದಿರುತ್ತವೆ. ಏಪ್ರಿಲ್ 4ರಿಂದ ಜೂನ್ 6ಕ್ಕೆ 63 ದಿನ: ಏಪ್ರಿಲಿನಲ್ಲಿ ಉಳಿದ 26, ಮೇ ತಿಂಗಳ 31, ಜೂನಿನ 6. 63 ಎಂದರೆ ಸರಿಯಾಗಿ ಒಂಬತ್ತು ಏಳು. ಉಳಿದ ಜೋಡಿಗಳ ನಡುವೆಯೂ ಅದೇ 63 ದಿನದ ಅಂತರವಿದೆ.

ಈ ತಾರೀಖುಗಳನ್ನು ಗೂಟಗಳು ಎಂದು ಕರೆಯೋಣ. ಅವೆಲ್ಲ ಬೀಳುವ ವಾರವನ್ನು ಆ "ವರ್ಷದ ವಾರ" ಎನ್ನೋಣ. ವರ್ಷದ ವಾರ ತಿಳಿದರೆ ಪ್ರತಿ ತಿಂಗಳಲ್ಲೂ ಒಂದು ಗೂಟ ನೆಟ್ಟಂತಾಯಿತು; ಅಲ್ಲಿಂದ ಬೇಕಾದ ತಾರೀಖಿಗೆ ನಾಲ್ಕು ಹೆಜ್ಜೆ ಹಿಂದೆಮುಂದೆ ಎಣಿಸಿದರೆ ಸಾಕು.

ಸರಿಸಂಖ್ಯೆಯ ತಿಂಗಳುಗಳಲ್ಲಿ ಫೆಬ್ರವರಿಯನ್ನು ಬಿಟ್ಟರೆ ತಿಂಗಳಿನ ಸಂಖ್ಯೆಯೇ ಗೂಟ: 4ರಲ್ಲಿ 4, 6ರಲ್ಲಿ 6, 8ರಲ್ಲಿ 8, 10ರಲ್ಲಿ 10, 12ರಲ್ಲಿ 12. ಬೆಸಸಂಖ್ಯೆಯ ನಾಲ್ಕು ತಿಂಗಳುಗಳು ಅದಲುಬದಲು ಜೋಡಿಗಳಾಗಿ ಬರುತ್ತವೆ. 5ನೇ ತಿಂಗಳ 9, 9ನೇ ತಿಂಗಳ 5. 7ನೇ ತಿಂಗಳ 11, 11ನೇ ತಿಂಗಳ 7. "ಐದಕ್ಕೆ ಒಂಬತ್ತು, ಒಂಬತ್ತಕ್ಕೆ ಐದು, ಏಳಕ್ಕೆ ಹನ್ನೊಂದು, ಹನ್ನೊಂದಕ್ಕೆ ಏಳು" ಎಂದು ಹತ್ತು ಸಲ ಗಟ್ಟಿಯಾಗಿ ಹೇಳಿದರೆ ಬಾಯಿಗೆ ಹತ್ತುತ್ತದೆ.

ಉಳಿದವು ಮೂರು. ಮಾರ್ಚಿಗೆ 7. ಫೆಬ್ರವರಿಗೆ ಆ ತಿಂಗಳ ಕೊನೆಯ ದಿನ, ಅಂದರೆ ಸಾಧಾರಣ ವರ್ಷದಲ್ಲಿ 28, ಅಧಿಕ ವರ್ಷದಲ್ಲಿ 29. ಜನವರಿಗೆ ಸಾಧಾರಣ ವರ್ಷದಲ್ಲಿ 3, ಅಧಿಕ ವರ್ಷದಲ್ಲಿ 4. ಮೂರು ವರ್ಷ 3, ನಾಲ್ಕನೇ ವರ್ಷ 4 ಎಂದು ನೆನಪಿಡುವುದು ಸುಲಭ. ವರ್ಷ ಅಧಿಕವೋ ಅಲ್ಲವೋ ಎಂಬ ಪ್ರಶ್ನೆ ಗೂಟ ಹುಡುಕುವಾಗ ಏಳುವುದು ಈ ಎರಡು ತಿಂಗಳುಗಳಲ್ಲಿ ಮಾತ್ರ. ಮಾರ್ಚಿನಿಂದ ಆಚೆಗೆ ಗೂಟಗಳು ಎಂದೂ ಕದಲುವುದಿಲ್ಲ.

ವರ್ಷದ ವಾರ ಕಂಡುಹಿಡಿಯುವುದು

ವಾರಗಳಿಗೆ ಅಂಕಿ ಕೊಡಬೇಕು. ಭಾನುವಾರ 0, ಸೋಮವಾರ 1, ಮಂಗಳವಾರ 2, ಬುಧವಾರ 3, ಗುರುವಾರ 4, ಶುಕ್ರವಾರ 5, ಶನಿವಾರ 6. ಲೆಕ್ಕದಲ್ಲಿ 7 ಅಥವಾ ಅದಕ್ಕಿಂತ ಹೆಚ್ಚು ಬಂದಾಗಲೆಲ್ಲ 7ನ್ನು ಕಳೆಯುತ್ತಾ ಹೋಗಿ. 7 ಬಂದರೆ ಅದು 0.

ಮೊದಲು ಶತಮಾನದ ಅಂಕಿ. 1900ರಿಂದ 1999ರವರೆಗಿನ ವರ್ಷಗಳಿಗೆ 3, 2000ದಿಂದ 2099ರವರೆಗೆ 2, 1800ರಿಂದ 1899ರವರೆಗೆ 5, 1700ರಿಂದ 1799ರವರೆಗೆ 0. ಇಷ್ಟರಲ್ಲಿ 3 ಮತ್ತು 2 ದಿನನಿತ್ಯ ಬೇಕಾಗುತ್ತವೆ, 5 ಆಗೊಮ್ಮೆ ಈಗೊಮ್ಮೆ. 400 ವರ್ಷಕ್ಕೆ 1,46,097 ದಿನ, ಅದು 7ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಹಾಗಾಗಿ ಈ ನಾಲ್ಕು ಅಂಕಿಗಳೇ ಮತ್ತೆ ಮತ್ತೆ ಬರುತ್ತವೆ. ಬೇರೆ ಶತಮಾನಗಳಿಗೆ ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ.

ಆಮೇಲೆ ವರ್ಷದ ಕೊನೆಯ ಎರಡು ಅಂಕಿಗಳನ್ನು ತೆಗೆದುಕೊಳ್ಳಿ. 365 ದಿನಗಳಲ್ಲಿ ಐವತ್ತೆರಡು ಏಳುಗಳು ಹೋಗಿ 1 ಉಳಿಯುತ್ತದೆ. ಆದ್ದರಿಂದ ವರ್ಷದ ವಾರ ಪ್ರತಿ ವರ್ಷ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ, ಅಧಿಕ ವರ್ಷದಲ್ಲಿ ಎರಡು ಹೆಜ್ಜೆ. 12 ವರ್ಷಗಳಲ್ಲಿ ಮೂರು ಅಧಿಕ ವರ್ಷ ಬರುವುದರಿಂದ ಒಟ್ಟು 15 ಹೆಜ್ಜೆ. 15ರಿಂದ 14 ಕಳೆದರೆ 1. ಈ ವಿಧಾನದಲ್ಲಿ 12ರ ಮಗ್ಗಿ ಬಂದಿರುವುದು ಇದರಿಂದಲೇ: ಹನ್ನೆರಡು ವರ್ಷಕ್ಕೆ ಒಂದೇ ಒಂದು ಹೆಜ್ಜೆ ಮುಂದೆ. 12ಕ್ಕೆ 1, 24ಕ್ಕೆ 2, 36ಕ್ಕೆ 3, 48ಕ್ಕೆ 4, 60ಕ್ಕೆ 5, 72ಕ್ಕೆ 6, 84ಕ್ಕೆ ಮತ್ತೆ 0, 96ಕ್ಕೆ 1.

ಕ್ರಮ ಹೀಗೆ. ಕೊನೆಯ ಎರಡು ಅಂಕಿಗಳಲ್ಲಿ ಎಷ್ಟು 12 ಇವೆ ನೋಡಿ. ಎಷ್ಟು ಉಳಿಯಿತು ನೋಡಿ. ಆ ಉಳಿದದ್ದರಲ್ಲಿ ಎಷ್ಟು 4 ಇವೆ ನೋಡಿ. ಈ ಮೂರನ್ನೂ ಶತಮಾನದ ಅಂಕಿಗೆ ಕೂಡಿ, 7ರಿಂದ ಭಾಗಿಸಿದಾಗ ಬರುವ ಶೇಷವೇ ವರ್ಷದ ವಾರ.

1969ಕ್ಕೆ ಮಾಡೋಣ. 69ರಲ್ಲಿ ಐದು 12 (60), ಉಳಿದದ್ದು 9, ಆ 9ರಲ್ಲಿ ಎರಡು 4. 5, 9, 2 ಕೂಡಿದರೆ 16. 14 ಕಳೆದರೆ 2. ಶತಮಾನದ 3 ಸೇರಿಸಿ 5. ಅಂದರೆ 1969ರ ವರ್ಷದ ವಾರ ಶುಕ್ರವಾರ.

ಇನ್ನು ತಿಂಗಳು. ಜುಲೈ 7ನೇ ತಿಂಗಳು, ಏಳಕ್ಕೆ ಹನ್ನೊಂದು, ಹಾಗಾಗಿ ಜುಲೈ 11 ಶುಕ್ರವಾರ. ಅದಕ್ಕೆ 7 ಕೂಡಿದರೆ ಜುಲೈ 18 ಕೂಡ ಶುಕ್ರವಾರ. 19 ಶನಿ, 20 ಭಾನು. ಅಪೋಲೋ ಇಳಿದದ್ದು ಭಾನುವಾರ.

ಗೂಟದಿಂದ ತಾರೀಖಿನವರೆಗೆ ಒಂದೊಂದೇ ದಿನ ಎಣಿಸಬೇಡಿ. ಗೂಟಕ್ಕೆ 7, 14, 21 ಅಥವಾ 28 ಕೂಡಿಯೋ ಕಳೆದೋ ತಾರೀಖಿನ ಪಕ್ಕಕ್ಕೆ ಹೋಗಿ. ಹತ್ತಿರದ ಬದಿಯಿಂದ ಹೋದರೆ ಉಳಿಯುವ ಅಂತರ ಎಂದೂ 3ಕ್ಕಿಂತ ಹೆಚ್ಚಾಗುವುದಿಲ್ಲ, ಅಷ್ಟನ್ನು ಬೆರಳು ಮಡಚದೆಯೇ ಎಣಿಸಬಹುದು.

ಜನವರಿ, ಫೆಬ್ರವರಿಯ ಜಾಗ್ರತೆ

ಹೆಚ್ಚು ಜನ ಎಡವುವುದು ವರ್ಷದ ಮೊದಲ ಎರಡು ತಿಂಗಳುಗಳಲ್ಲಿ. ಮೊದಲ ಮ್ಯಾಕಿಂಟಾಶ್ ಕಂಪ್ಯೂಟರ್ ಬಿಡುಗಡೆಯಾದದ್ದು 1984ರ ಜನವರಿ 24ರಂದು. 84ರಲ್ಲಿ ಏಳು 12, ಉಳಿದದ್ದು ಸೊನ್ನೆ. 7 ಎಂದರೆ 0. ಶತಮಾನದ 3 ಹಾಗೆಯೇ ಉಳಿಯಿತು, ವರ್ಷದ ವಾರ ಬುಧವಾರ. 84 ನಾಲ್ಕರಿಂದ ಭಾಗವಾಗುವುದರಿಂದ ಅಧಿಕ ವರ್ಷ, ಜನವರಿಯ ಗೂಟ 4. ಜನವರಿ 4 ಬುಧವಾರ, 21 ಕೂಡಿದರೆ 25 ಬುಧವಾರ, ಒಂದು ಹಿಂದಕ್ಕೆ ಬಂದರೆ 24 ಮಂಗಳವಾರ. ಸರಿಯಾದ ಉತ್ತರ ಅದೇ. ಅಧಿಕ ವರ್ಷ ಎಂಬುದನ್ನು ಮರೆತು 3ನ್ನು ಗೂಟವಾಗಿಟ್ಟರೆ 24ನೇ ತಾರೀಖು ಬುಧವಾರ ಎಂದು ಬರುತ್ತದೆ, ಒಂದು ದಿನ ಮುಂದೆ. ಅಧಿಕ ವರ್ಷವಲ್ಲದ್ದನ್ನು ಅಧಿಕ ಎಂದುಕೊಂಡರೆ ಉತ್ತರ ಒಂದು ದಿನ ಹಿಂದೆ ಬೀಳುತ್ತದೆ.

ಸೊನ್ನೆ ಸೊನ್ನೆಯಲ್ಲಿ ಕೊನೆಗೊಳ್ಳುವ ವರ್ಷಗಳು ಇನ್ನೊಂದು ಹೊಂಡ. ಅವು 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. 2000 ಅಧಿಕ ವರ್ಷ. 1900, 1800, 1700 ಅಲ್ಲ. 1900ರ ಜನವರಿ 1 ಯಾವ ವಾರ ನೋಡಿ. ಕೊನೆಯ ಎರಡು ಅಂಕಿ ಸೊನ್ನೆ, ಆದ್ದರಿಂದ ವರ್ಷದ ವಾರ ಶತಮಾನದ ಅಂಕಿಯೇ, 3, ಬುಧವಾರ. ಸಾಧಾರಣ ವರ್ಷವಾದ್ದರಿಂದ ಜನವರಿ 3 ಬುಧವಾರ, ಜನವರಿ 1 ಸೋಮವಾರ. ಈ ಉತ್ತರವನ್ನು ಎಕ್ಸೆಲ್‌ನಲ್ಲಿ ಪರೀಕ್ಷಿಸಿದರೆ ಅದು ಭಾನುವಾರ ಎನ್ನುತ್ತದೆ. ಇಲ್ಲಿ ತಪ್ಪಿರುವುದು ಎಕ್ಸೆಲ್: ಹಳೆಯ ಲೋಟಸ್ 1-2-3 ತಂತ್ರಾಂಶದೊಂದಿಗೆ ಹೊಂದಿಕೊಳ್ಳಲೆಂದು ಅದು 1900ನ್ನು ಅಧಿಕ ವರ್ಷವೆಂದು ಎಣಿಸುತ್ತದೆ. ಆದ್ದರಿಂದ 1900ರ ಮಾರ್ಚ್ 1ಕ್ಕಿಂತ ಹಿಂದಿನ ತಾರೀಖುಗಳಿಗೆ ಅದರ ವಾರವನ್ನು ನಂಬಬೇಡಿ. ಮಾರ್ಚ್ 1ರಿಂದ ಈಚೆಗೆ ಸರಿಯಾಗಿದೆ.

ಇನ್ನೂ ಹಿಂದಿನ ಶತಮಾನದ್ದೊಂದು ಉದಾಹರಣೆ. ಚಾರ್ಲ್ಸ್ ಡಾರ್ವಿನ್ ಮತ್ತು ಅಬ್ರಹಾಂ ಲಿಂಕನ್ ಇಬ್ಬರೂ ಹುಟ್ಟಿದ್ದು 1809ರ ಫೆಬ್ರವರಿ 12ರಂದು. 9ರಲ್ಲಿ 12 ಇಲ್ಲ, 0. ಉಳಿದದ್ದು 9. ಅದರಲ್ಲಿ ಎರಡು 4. ಒಟ್ಟು 11, ಏಳು ಕಳೆದರೆ 4. 1800ರ ಶತಮಾನದ 5 ಸೇರಿಸಿ 9, ಅಂದರೆ 2, ಮಂಗಳವಾರ. ಸಾಧಾರಣ ವರ್ಷ, ಫೆಬ್ರವರಿ 28 ಮಂಗಳವಾರ. 14 ಕಳೆದರೆ ಫೆಬ್ರವರಿ 14 ಮಂಗಳವಾರ, 13 ಸೋಮ, 12 ಭಾನುವಾರ. ಗಮನಿಸಿ, ಸಾಧಾರಣ ವರ್ಷದ ಫೆಬ್ರವರಿಯಲ್ಲಿ 7, 14, 21, 28 ನಾಲ್ಕೂ ಗೂಟಗಳೇ. ಮಾರ್ಚಿನಲ್ಲಿ ಎಲ್ಲ ವರ್ಷವೂ ಇವು ಗೂಟಗಳು. ಏಳರ ಮಗ್ಗಿ ಎಂದು ನೆನಪಿಟ್ಟರೆ ಎರಡೂ ತಿಂಗಳ ಕೆಲಸ ಬೇಗ ಮುಗಿಯುತ್ತದೆ. ಅಧಿಕ ವರ್ಷದ ಫೆಬ್ರವರಿಗೆ ಮಾತ್ರ ಪ್ರತಿಯೊಂದಕ್ಕೂ ಒಂದು ಕೂಡಬೇಕು: 1, 8, 15, 22, 29.

ವರ್ಷದ ಲೆಕ್ಕಕ್ಕೆ ಇನ್ನೊಂದು ದಾರಿ

12ರ ದಾರಿಯಲ್ಲಿ ಮೂರು ಅಂಕಿಗಳನ್ನು ಒಟ್ಟಿಗೆ ತಲೆಯಲ್ಲಿ ಹಿಡಿಯಬೇಕಾಗುತ್ತದೆ. ಅದು ಕೆಲವರಿಗೆ ಜಾರಿಹೋಗುತ್ತದೆ. ಅಂಥವರಿಗೆ ಒಂದೇ ಅಂಕಿಯನ್ನು ಬದಲಿಸುತ್ತಾ ಹೋಗುವ ಇನ್ನೊಂದು ದಾರಿ ಇದೆ. ಕೊನೆಯ ಎರಡು ಅಂಕಿ ಬೆಸವಾಗಿದ್ದರೆ 11 ಕೂಡಿ. ಸರಿಸಂಖ್ಯೆಯಾಗಿದ್ದರೆ ಹಾಗೇ ಬಿಡಿ. ಅರ್ಧ ಮಾಡಿ. ಬಂದದ್ದು ಬೆಸವಾಗಿದ್ದರೆ ಮತ್ತೆ 11 ಕೂಡಿ. 7ರಿಂದ ಭಾಗಿಸಿ ಶೇಷ ತೆಗೆದು, ಆ ಶೇಷವನ್ನು 7ರಿಂದ ಕಳೆಯಿರಿ. ಅದನ್ನು ಶತಮಾನದ ಅಂಕಿಗೆ ಸೇರಿಸಿದರೆ ವರ್ಷದ ವಾರ.

69 ಬೆಸ, 11 ಕೂಡಿ 80. ಅರ್ಧ 40, ಅದು ಸರಿಸಂಖ್ಯೆ. 40ರಿಂದ 35 ಹೋದರೆ ಶೇಷ 5. 7ರಿಂದ 5 ಕಳೆದರೆ 2. ಮೇಲೆ ಬಂದದ್ದೂ 2. ಎರಡು ಸಲ 11 ಕೂಡಬೇಕಾದ ವರ್ಷವೊಂದನ್ನೂ ನೋಡಿ, ಕ್ರಾಕಟೋವಾ ಜ್ವಾಲಾಮುಖಿ ಸ್ಫೋಟಿಸಿದ 1883. 83ಕ್ಕೆ 11 ಕೂಡಿ 94, ಅರ್ಧ 47, ಬೆಸ, ಮತ್ತೆ 11 ಕೂಡಿ 58. 56 ಹೋಗಿ ಶೇಷ 2, 7ರಿಂದ ಕಳೆದರೆ 5. ಶತಮಾನದ 5 ಸೇರಿ 10, ಅಂದರೆ 3, ಬುಧವಾರ. ಭೀಕರ ಸ್ಫೋಟ ನಡೆದದ್ದು ಆಗಸ್ಟ್ 27ರಂದು. ಆಗಸ್ಟ್ 8 ಬುಧವಾರ, 29 ಬುಧವಾರ, 27 ಸೋಮವಾರ.

ಈ ದಾರಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಕೊನೆಯ ಹೆಜ್ಜೆ, 7ರಿಂದ ಕಳೆಯುವುದು. ಕಲಿಯುವಾಗ ಒಂದು ದಾರಿಯನ್ನೇ ಗಟ್ಟಿಮಾಡಿಕೊಳ್ಳುವುದು ಒಳ್ಳೆಯದು. ಅದು ಕೈವಶವಾದ ಮೇಲೆ ಇನ್ನೊಂದನ್ನು ತಾಳೆ ನೋಡಲು ಇಟ್ಟುಕೊಳ್ಳಿ. ಒಂದೇ ದಾರಿಯಲ್ಲಿ ಎರಡು ಸಲ ಹೋದರೆ ಅದೇ ತಪ್ಪನ್ನು ಎರಡು ಸಲ ಮಾಡುವ ಸಾಧ್ಯತೆ ಹೆಚ್ಚು. ಎರಡು ಬೇರೆ ದಾರಿಗಳು ಒಂದೇ ಅಂಕಿಗೆ ಬಂದರೆ ವರ್ಷದ ಭಾಗವನ್ನು ನಂಬಬಹುದು.

ಉತ್ತರ ತಪ್ಪಿದರೆ ಎಲ್ಲಿ ಹುಡುಕಬೇಕು

ಅಭ್ಯಾಸ ಮಾಡುವಾಗ ಉತ್ತರ ತಪ್ಪಿದರೆ ಎಷ್ಟು ದಿನ ತಪ್ಪಿತು ಎಂದು ಬರೆದಿಟ್ಟುಕೊಳ್ಳಿ. ಆ ಸಂಖ್ಯೆಯೇ ತಪ್ಪಿನ ಜಾಗವನ್ನು ಬಹುಮಟ್ಟಿಗೆ ತೋರಿಸುತ್ತದೆ. ಜನವರಿ, ಫೆಬ್ರವರಿಯಲ್ಲಿ ಮಾತ್ರ ಒಂದು ದಿನ ತಪ್ಪುತ್ತಿದ್ದರೆ ಅಧಿಕ ವರ್ಷವನ್ನು ನೋಡಿಕೊಂಡಿಲ್ಲ. 2000ದ ನಂತರದ ಎಲ್ಲ ತಾರೀಖುಗಳೂ ಒಂದು ದಿನ ಮುಂದೆ ಬರುತ್ತಿದ್ದರೆ ಶತಮಾನಕ್ಕೆ 2ರ ಬದಲು 3 ಹಾಕುತ್ತಿದ್ದೀರಿ, 1900ರ ತಾರೀಖುಗಳನ್ನೇ ಹೆಚ್ಚು ಮಾಡಿದವರಿಗೆ ಈ ಅಭ್ಯಾಸ ಅಂಟಿಕೊಳ್ಳುತ್ತದೆ. ಗೂಟದ ದಿನವನ್ನೂ ಸೇರಿಸಿ ಎಣಿಸುವವರಿಗೂ ಒಂದು ದಿನದ ತಪ್ಪು ಬರುತ್ತದೆ, ಆದರೆ ಅದು ಎಲ್ಲ ತಿಂಗಳುಗಳಲ್ಲೂ ಕಾಣಿಸಿಕೊಳ್ಳುತ್ತದೆ. ಹಿಂದಕ್ಕೆ ಹೋಗಬೇಕಾದಲ್ಲಿ ಮುಂದಕ್ಕೆ ಹೋದರೆ ತಪ್ಪು ಅಂತರದ ಎರಡರಷ್ಟು: ಎರಡು ಹೆಜ್ಜೆಯ ಅಂತರಕ್ಕೆ ನಾಲ್ಕು ದಿನ.

ಇವುಗಳಲ್ಲಿ ಅಡಗಿ ಕೂರುವ ತಪ್ಪೊಂದಿದೆ. 12ರಿಂದ ಭಾಗಿಸಿ ಉಳಿದದ್ದರಲ್ಲಿ ಎಷ್ಟು 4 ಇವೆ ಎಂದು ನೋಡುವ ಹೆಜ್ಜೆ ಮರೆತುಹೋದರೂ, ಉಳಿದದ್ದು 0ಯಿಂದ 3ರವರೆಗೆ ಇದ್ದಾಗ ಉತ್ತರ ಸರಿಯಾಗಿಯೇ ಬರುತ್ತದೆ. ಉಳಿದದ್ದು 4ರಿಂದ 7 ಇದ್ದರೆ ಒಂದು ದಿನ ಹಿಂದೆ, 8ರಿಂದ 11 ಇದ್ದರೆ ಎರಡು ದಿನ ಹಿಂದೆ ಬೀಳುತ್ತದೆ. ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋದ 1961ರ ಏಪ್ರಿಲ್ 12ನ್ನು ಮಾಡಿ ನೋಡಿ: ಐದು 12, ಉಳಿದದ್ದು 1, ಅದರಲ್ಲಿ 4 ಇಲ್ಲ, 6ಕ್ಕೆ 3 ಸೇರಿ 9, ಅಂದರೆ 2, ಮಂಗಳವಾರ. ಏಪ್ರಿಲ್ 4 ಮತ್ತು 11 ಮಂಗಳವಾರ, 12 ಬುಧವಾರ. ಆ ಹೆಜ್ಜೆಯನ್ನು ಬಿಟ್ಟವರಿಗೂ ಇಲ್ಲಿ ಬುಧವಾರವೇ ಸಿಗುತ್ತದೆ. ಅದೇ ತಪ್ಪನ್ನು 1969ರಲ್ಲಿ ಮಾಡಿದರೆ ಚಂದ್ರನ ಮೇಲೆ ಇಳಿದದ್ದು ಶುಕ್ರವಾರವಾಗಿಬಿಡುತ್ತದೆ. ಆದ್ದರಿಂದ ಅಭ್ಯಾಸಕ್ಕೆ 68ರಿಂದ 71, 80ರಿಂದ 83, 92ರಿಂದ 95 ಇಂಥ ವರ್ಷಗಳನ್ನು ಬೇಕೆಂದೇ ಸೇರಿಸಿಕೊಳ್ಳಿ.

ಅಭ್ಯಾಸವನ್ನು ಚಾಲ್ತಿಯಲ್ಲಿರುವ ವರ್ಷದಿಂದ ಶುರುಮಾಡುವುದು ಸುಲಭ. ಆಗ ವರ್ಷದ ಲೆಕ್ಕದ ಗೋಜಿಲ್ಲದೆ ಗೂಟಗಳು ಮಾತ್ರ ಕೈಗೆ ಹತ್ತುತ್ತವೆ. 2025ಕ್ಕೆ ಶುಕ್ರವಾರ, 2026ಕ್ಕೆ ಶನಿವಾರ, 2027ಕ್ಕೆ ಭಾನುವಾರ, ಅಧಿಕ ವರ್ಷ 2028ಕ್ಕೆ ಸೋಮವಾರವನ್ನು ಹಾರಿ ಮಂಗಳವಾರ. ಗೂಟಗಳು ಯೋಚಿಸದೆ ಬರತೊಡಗಿದ ಮೇಲೆ ವರ್ಷದ ಭಾಗಕ್ಕೆ ಕೈಹಾಕಿ. ವೇಗದ ಮಟ್ಟಿಗೆ ಒಂದು ಅಳತೆಗೋಲು ಬೇಕಿದ್ದರೆ, 1887ರಲ್ಲಿ ತನ್ನದೇ ವಿಧಾನವೊಂದನ್ನು ಪ್ರಕಟಿಸಿದ, ಆಲಿಸ್ ಕಥೆಗಳ ಲೇಖಕ ಲೂಯಿಸ್ ಕ್ಯಾರಲ್ ತನಗೆ ಸರಾಸರಿ 20 ಸೆಕೆಂಡು ಹಿಡಿಯುತ್ತದೆ ಎಂದಿದ್ದರು.

ಎಷ್ಟು ಹಿಂದಕ್ಕೆ ಹೋಗಬಹುದು

ಮೇಲಿನ ಲೆಕ್ಕವೆಲ್ಲ ಈಗ ಬಳಕೆಯಲ್ಲಿರುವ ಗ್ರೆಗೋರಿಯನ್ ಕ್ಯಾಲೆಂಡರಿನದು. ಅದು ಜಾರಿಗೆ ಬಂದದ್ದು 1582ರಲ್ಲಿ, ಅಕ್ಟೋಬರ್ 4 ಗುರುವಾರದ ಮರುದಿನವೇ ಅಕ್ಟೋಬರ್ 15 ಶುಕ್ರವಾರವಾದಾಗ. ಆದರೆ ಎಲ್ಲ ದೇಶಗಳೂ ಅಂದೇ ಬದಲಾಗಲಿಲ್ಲ. ಬ್ರಿಟನ್ ಮತ್ತು ಅದರ ವಸಾಹತುಗಳು 1752ರವರೆಗೆ, ರಷ್ಯಾ 1918ರವರೆಗೆ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಬಳಸಿದವು. ಬದಲಾಯಿಸುವಾಗ ತಾರೀಖುಗಳು ಹಾರಿದವೇ ಹೊರತು ವಾರಗಳ ಸರಣಿ ಎಲ್ಲೂ ಮುರಿಯಲಿಲ್ಲ. ಹಾಗಾಗಿ ಹಳೆಯ ತಾರೀಖನ್ನು ಹೊಸದಕ್ಕೆ ತಿರುಗಿಸಿಕೊಂಡರೆ ವಿಧಾನ ಹಾಗೇ ನಡೆಯುತ್ತದೆ.

ತಿರುಗಿಸಲು ಎಷ್ಟು ದಿನ ಕೂಡಬೇಕು ಎಂಬುದು ಕಾಲವನ್ನು ಅವಲಂಬಿಸಿದೆ. 1582ರಿಂದ ಜೂಲಿಯನ್ ಲೆಕ್ಕದ 1700ರ ಫೆಬ್ರವರಿ ಕೊನೆಯವರೆಗೆ 10, ಅಲ್ಲಿಂದ 1800ರ ಫೆಬ್ರವರಿ ಕೊನೆಯವರೆಗೆ 11, 1900ರ ಫೆಬ್ರವರಿ ಕೊನೆಯವರೆಗೆ 12, ಆಮೇಲೆ 13.

ರಷ್ಯಾದ ಅಕ್ಟೋಬರ್ ಕ್ರಾಂತಿ ಅಲ್ಲಿನ ಅಂದಿನ ಕ್ಯಾಲೆಂಡರಿನಂತೆ 1917ರ ಅಕ್ಟೋಬರ್ 25. ತಿರುಗಿಸದೆ ಲೆಕ್ಕ ಹಾಕಿದರೆ ಏನಾಗುತ್ತದೆ ನೋಡಿ. 17ರಲ್ಲಿ ಒಂದು 12, ಉಳಿದದ್ದು 5, ಅದರಲ್ಲಿ ಒಂದು 4. ಒಟ್ಟು 7, ಅಂದರೆ 0. ವರ್ಷದ ವಾರ 3, ಬುಧವಾರ. ಅಕ್ಟೋಬರ್ 10 ಮತ್ತು 24 ಬುಧವಾರ, 25 ಗುರುವಾರ ಎಂದು ಬರುತ್ತದೆ, ಅದು ತಪ್ಪು. 13 ದಿನ ಕೂಡಿದರೆ ನವೆಂಬರ್ 7. ಹನ್ನೊಂದಕ್ಕೆ ಏಳು, ತಾನೇ ಒಂದು ಗೂಟ. ಎಣಿಸುವುದು ಏನೂ ಇಲ್ಲ, ಅಂದು ಬುಧವಾರ.

ನ್ಯೂಟನ್ ಹುಟ್ಟಿದ ದಿನವೂ ಹೀಗೆಯೇ. ಇಂಗ್ಲೆಂಡಿನ ಅಂದಿನ ಲೆಕ್ಕದಲ್ಲಿ ಅದು 1642ರ ಡಿಸೆಂಬರ್ 25. 10 ಕೂಡಿದರೆ 1643ರ ಜನವರಿ 4. ವರ್ಷವೂ ಬದಲಾಯಿತು ಎಂಬುದನ್ನು ಮರೆಯಬಾರದು. 1600ರ ಶತಮಾನಕ್ಕೆ 2000ದ್ದೇ ಅಂಕಿ, 2. 43ರಲ್ಲಿ ಮೂರು 12, ಉಳಿದದ್ದು 7, ಅದರಲ್ಲಿ ಒಂದು 4. ಒಟ್ಟು 11, ಅಂದರೆ 4. ಶತಮಾನದ 2 ಸೇರಿ 6, ಶನಿವಾರ. ಸಾಧಾರಣ ವರ್ಷದ ಜನವರಿ 3 ಶನಿವಾರ, ಆದ್ದರಿಂದ ಜನವರಿ 4 ಭಾನುವಾರ.